ಸ್ಟಾಪ್‌ವಾಚ್‌ನ 13.0 ಎಲೆಕ್ಟ್ರಾನಿಕ್‌ನಲ್ಲಿ ಎಷ್ಟು? ನಾನು ಮಾಡಿ ನೋಡಿದ ಲೆಕ್ಕಗಳು

ದಾವಣಗೆರೆ, ಚಿತ್ರದುರ್ಗ ಕಡೆಯ ಹೈಸ್ಕೂಲು, ಪಿಯು ಕ್ರೀಡಾಕೂಟಗಳಲ್ಲಿ ನಾನು ಕೆಲಸ ಮಾಡಿದ ಕಡೆಯೆಲ್ಲಾ ಸ್ಟಾಪ್‌ವಾಚೇ ಗತಿ. ಅಲ್ಲಿ ಗೆದ್ದ ಹುಡುಗ 11.2 ಅಂತ ಸರ್ಟಿಫಿಕೇಟ್ ಹಿಡಿದುಕೊಂಡು ಬೆಂಗಳೂರಿನ ಕಂಠೀರವಕ್ಕೆ ಹೋಗುತ್ತಾನೆ, ಎಲೆಕ್ಟ್ರಾನಿಕ್ ಬೋರ್ಡ್ 11.47 ತೋರಿಸುತ್ತದೆ. ಮನೆಯವರು ಫೋನ್ ಮಾಡಿ, 'ಸಾರ್, ಮಗ ನಿಧಾನ ಆಗಿಬಿಟ್ಟನಾ?' ಅಂತ ಕೇಳುತ್ತಾರೆ. ನಿಧಾನ ಆಗಿಲ್ಲ. ಎರಡೂ ಬೇರೆ ಬೇರೆ ಅಳತೆ, ಅಷ್ಟೇ. ಒಂದನ್ನು ಇನ್ನೊಂದಕ್ಕೆ ತರುವುದು ಹೇಗೆ ಅನ್ನುವುದರಲ್ಲಿ ಮಾತ್ರ ನಮ್ಮಲ್ಲಿ ಒಬ್ಬೊಬ್ಬರದು ಒಂದೊಂದು ಲೆಕ್ಕ. ಬಳಕೆಯಲ್ಲಿರುವ ದಾರಿಗಳನ್ನೆಲ್ಲಾ ಒಂದೇ ಓಟಗಳ ಮೇಲೆ ಇಟ್ಟು ನೋಡಿದ್ದೇನೆ. ಅದನ್ನೇ ಬರೆಯುತ್ತಿದ್ದೇನೆ.

ಮೊದಲು ವ್ಯತ್ಯಾಸ ಎಲ್ಲಿಂದ ಬರುತ್ತದೆ ನೋಡಿ. ಎಲೆಕ್ಟ್ರಾನಿಕ್‌ನಲ್ಲಿ ಗನ್‌ಗೆ ಸೆನ್ಸರ್ ಇರುತ್ತದೆ, ಗುಂಡು ಹಾರಿದ ಕ್ಷಣಕ್ಕೇ ಗಡಿಯಾರ ಶುರು. ಕೈಯಲ್ಲಿ ವಾಚ್ ಹಿಡಿದವನು ಹೊಗೆ ಕಂಡ ಮೇಲೆ ಒತ್ತುತ್ತಾನೆ. ಕಣ್ಣಿಗೆ ಕಂಡು ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡು ಹೋಗಿರುತ್ತದೆ. ಕೊನೆಯಲ್ಲಿ ಹಾಗೆ ತಡವಾಗುವುದಿಲ್ಲ, ಯಾಕಂದ್ರೆ ಓಡಿ ಬರುತ್ತಿರುವವಳು ಕಣ್ಣೆದುರಿಗೇ ಇರುತ್ತಾಳೆ, ಅವಳ ಎದೆ ಗೆರೆ ಮುಟ್ಟುವ ಹೊತ್ತಿಗೆ ಬೆರಳು ಮೊದಲೇ ಸಿದ್ಧವಾಗಿರುತ್ತದೆ. ಶುರುವಿನಲ್ಲಿ ತಡ, ಕೊನೆಯಲ್ಲಿ ತಡ ಇಲ್ಲ. ಹಾಗಾಗಿ ವಾಚ್ ಯಾವಾಗಲೂ ಓಟಗಾರರ ಪರ.

ಒಂದು ಪಿಯು ಹುಡುಗಿಯ 100 ಮೀಟರ್ ಓಟ ತಗೊಳ್ಳೋಣ. ಮೂರು ವಾಚ್‌ಗಳಲ್ಲಿ ಬಂದದ್ದು 12.84, 12.91, 12.98. ಪಕ್ಕದಲ್ಲೇ ಮೊಬೈಲ್‌ನಲ್ಲಿ ವಿಡಿಯೋನೂ ಮಾಡಿಸಿದ್ದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲನೆಯ ದಾರಿ, ನಿಯಮದ ಪ್ರಕಾರ ಮುಂದಿನ ಹತ್ತನೇ ಭಾಗಕ್ಕೆ ಏರಿಸಿ, ಅದಕ್ಕೆ 0.24 ಸೇರಿಸುವುದು. ಕೈ ವಾಚ್‌ನಲ್ಲಿ ಎರಡನೇ ಅಂಕಿ ಸೊನ್ನೆ ಅಲ್ಲದಿದ್ದರೆ ಮೇಲಕ್ಕೇ ಹೋಗಬೇಕು, 12.91 ಕೂಡ 13.0 ಆಗುತ್ತದೆ. ಹಾಗೆ ಮಾಡಿದರೆ ನಮ್ಮ ಮೂರು ವಾಚ್‌ಗಳು 12.9, 13.0, 13.0. ಎರಡು ಒಂದೇ ಆದರೆ ಅದೇ ಅಧಿಕೃತ, ಮೂರೂ ಬೇರೆ ಆದರೆ ನಡುವಿನದು, ಇರುವುದೇ ಎರಡು ವಾಚ್ ಆಗಿ ಅವು ಬೇರೆ ಬೇರೆ ತೋರಿಸಿದರೆ ಜಾಸ್ತಿ ಇರುವುದು. ಇಲ್ಲಿ 13.0. ಅದಕ್ಕೆ 0.24 ಸೇರಿಸಿದರೆ 13.24.

ಎರಡನೆಯದು ನಮ್ಮಲ್ಲಿ ತುಂಬಾ ಜನ ಮಾಡುವುದು. ವಾಚ್ ತೋರಿಸಿದ್ದಕ್ಕೇ ನೇರವಾಗಿ 0.24 ಸೇರಿಸಿಬಿಡುತ್ತಾರೆ. ನಡುವಿನ ವಾಚ್ 12.91, ಸೇರಿಸಿದರೆ 13.15. ನೋಡೋಕೆ ಇದು ಹೆಚ್ಚು ನಿಖರ ಅನಿಸುತ್ತದೆ, ಎರಡು ಅಂಕಿ ಇದೆಯಲ್ವಾ! ಆದರೆ 0.24 ಅನ್ನುವ ಸಂಖ್ಯೆ ಮೇಲಕ್ಕೆ ಏರಿಸಿದ ಸಮಯಕ್ಕೆ ಅಂತಲೇ ಇರುವುದು. ಏರಿಸುವುದರಿಂದಲೇ ಸರಾಸರಿ ಅರ್ಧ ಹತ್ತನೇ ಭಾಗ, ಅಂದರೆ 0.05 ಹತ್ತಿರ ಸೇರಿಕೊಳ್ಳುತ್ತದೆ. ಆ ಹೆಜ್ಜೆ ಬಿಟ್ಟು ಬರೀ 0.24 ಹಾಕಿದರೆ ಅಷ್ಟು ಕಡಿಮೆ ಬಿತ್ತು ಅಂತಲೇ ಲೆಕ್ಕ. ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಒಂದು ಕೂಟದಲ್ಲಿ ಹೊಸ ಪಿಟಿ ಮೇಷ್ಟ್ರೊಬ್ಬರು ವಾಚ್ ನೋಡಿಕೊಂಡು, 'ಸಾರ್, 12.98 ಅಂದ್ರೆ 12.9 ತಾನೇ?' ಅಂದರು. ಅಲ್ಲ, 13.0. ಕೊನೆಯ ಅಂಕಿ ಸುಮ್ನೆ ಕತ್ತರಿಸಿ ಹಾಕಿದ ಪಟ್ಟಿಗೆ ಯಾವ ತಿದ್ದುಪಡಿಯೂ ಕೂರುವುದಿಲ್ಲ.

ಮೂರನೆಯದು ವಿಡಿಯೋ. ಇದಕ್ಕೆ ತಾಳ್ಮೆ ಬೇಕು. ಫೋನನ್ನು ಸ್ಟ್ಯಾಂಡ್ ಮೇಲೆ ಫಿನಿಶ್ ಗೆರೆಗೆ ಸರಿಯಾಗಿ ನೇರಕ್ಕೆ ಇಡಬೇಕು, ಆಚೆ ಈಚೆ ಇರುವ ಎರಡು ಕಂಬಗಳು ಪರದೆಯಲ್ಲಿ ಒಂದರ ಹಿಂದೆ ಒಂದು ಮುಚ್ಚಿಕೊಳ್ಳಬೇಕು. ಸ್ವಲ್ಪ ಓರೆಯಾದರೂ ಆಚೆ ಲೇನ್‌ನವರಿಗೆ ಒಂದು ಸಮಯ, ಈಚೆ ಲೇನ್‌ನವರಿಗೆ ಇನ್ನೊಂದು. ರೆಕಾರ್ಡಿಂಗ್ ಶುರು ಮಾಡಿ ಮೊದಲು ಸ್ಟಾರ್ಟರ್ ಕಡೆ ತಿರುಗಿಸಿ, ಹೊಗೆ ಕಂಡ ಮೇಲೆ ನಿಧಾನಕ್ಕೆ ಗೆರೆಗೆ ತಂದು ನಿಲ್ಲಿಸಬೇಕು, ಮಧ್ಯೆ ನಿಲ್ಲಿಸಬಾರದು. ಹನ್ನೆರಡು ಸೆಕೆಂಡು ಬೇಕಾದಷ್ಟಾಯಿತು. ನೂರು ಮೀಟರ್ ದೂರದಿಂದ ಬಿಸಿಲಲ್ಲಿ ಹೊಗೆ ಕಾಣುವುದೇ ಕಷ್ಟ, ಹಾಗಾಗಿ ಸ್ಟಾರ್ಟರ್ ಕೈ ಹಿಂದೆ ಒಂದು ಕಪ್ಪು ಹಲಗೆ ಹಿಡಿಸುತ್ತೇನೆ. ಗನ್ ಬದಲು ಎರಡು ಹಲಗೆ ಬಡಿಯುವ ಕ್ಲ್ಯಾಪರ್ ಆದರೆ ಆ ಹಲಗೆಗಳು ಮುಚ್ಚಿಕೊಂಡ ಫ್ರೇಮ್ ತಗೊಂಡರೆ ಆಯಿತು.

ವಿಡಿಯೋದಲ್ಲಿ ಕೇಳುವ ಸದ್ದನ್ನು ಮಾತ್ರ ಹಾಗೇ ನಂಬಬೇಡಿ. ನಮ್ಮ ಬಿಸಿಲಿಗೆ ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಹೋಗುತ್ತದೆ, ನೂರು ಮೀಟರ್ ದಾಟಿ ಫೋನ್ ಮುಟ್ಟಲು 0.29 ಸೆಕೆಂಡು. ಹೊಗೆ ಕಾಣಲೇ ಇಲ್ಲ, ಸದ್ದೇ ಗತಿ ಅನ್ನುವಾಗ ಆ 0.29 ಸೇರಿಸಿಕೊಳ್ಳಿ.

ಆ ಹುಡುಗಿಯ ಓಟ ಸೆಕೆಂಡಿಗೆ 240 ಫ್ರೇಮ್‌ನಲ್ಲಿ ತೆಗೆದದ್ದು. ಹೊಗೆ ಕಂಡದ್ದು 412ನೇ ಫ್ರೇಮ್, ಎದೆ ಗೆರೆ ಮುಟ್ಟಿದ್ದು 3577ನೇದು. ನಡುವೆ 3165 ಫ್ರೇಮ್, ಅದನ್ನು 240ರಿಂದ ಭಾಗಿಸಿದರೆ 13.1875. ಎಲೆಕ್ಟ್ರಾನಿಕ್‌ನಲ್ಲೂ ನೂರನೇ ಭಾಗಕ್ಕೆ ಮೇಲಕ್ಕೇ ಏರಿಸುವುದು, ಹಾಗಾಗಿ 13.19.

ಈಗ ನೋಡಿ, ನಿಯಮದ ಲೆಕ್ಕ 13.24, ಕಚ್ಚಾ ವಾಚಿಗೆ ಸೇರಿಸಿದ್ದು 13.15, ವಿಡಿಯೋ 13.19. ಒಂದು 0.05 ಮೇಲೆ, ಇನ್ನೊಂದು 0.04 ಕೆಳಗೆ. ಒಂದೇ ಓಟ ಇಟ್ಟುಕೊಂಡು ಯಾವುದು ಸರಿ ಅಂತ ಹೇಳೋಕೆ ಆಗುವುದಿಲ್ಲ. ಒಂದು ಇಡೀ ಕೂಟದ ಹೀಟ್ಸ್ ಕೂರಿಸಿಕೊಂಡು ನೋಡಿದಾಗ ವಿಷಯ ಬಿಚ್ಚಿಕೊಂಡಿತು. ಏರಿಸಿ ಸೇರಿಸಿದ ಸಮಯಗಳು ವಿಡಿಯೋದ ಎರಡೂ ಕಡೆ ಬೀಳುತ್ತವೆ, ಕೆಲವು ಮೇಲೆ, ಕೆಲವು ಕೆಳಗೆ. ಏರಿಸದೆ ಸೇರಿಸಿದವು ಹೆಚ್ಚುಕಡಿಮೆ ಎಲ್ಲಾ ಕೆಳಗೇ. ಅಂದರೆ ಅದರಲ್ಲಿ ಓಟಗಾರರಿಗೆ ಪುಕ್ಕಟೆ ಲಾಭ ಉಳಿದುಕೊಂಡಿದೆ.

ವಿಡಿಯೋಗೂ ಅದರದೇ ಕಾಟ ಇದೆ. ಸಾಮಾನ್ಯ 30 ಫ್ರೇಮ್‌ನಲ್ಲಿ ತೆಗೆದರೆ ಒಂದು ಫ್ರೇಮಿಗೂ ಇನ್ನೊಂದಕ್ಕೂ 0.033 ಸೆಕೆಂಡು, ಆ ಹುಡುಗಿ ಅಷ್ಟರಲ್ಲಿ ಕಾಲು ಮೀಟರ್ ದಾಟಿರುತ್ತಾಳೆ. ಸಂಜೆ ಬೆಳಕು ಕಮ್ಮಿಯಾದಾಗ ಕೆಲವು ಫೋನ್‌ಗಳು ಹೇಳದೆ ಕೇಳದೆ ಫ್ರೇಮ್ ಇಳಿಸಿಬಿಡುತ್ತವೆ. ಆಗ ಎಣಿಸಿ ಭಾಗಿಸಿದ್ದು ತಪ್ಪಾಗುತ್ತದೆ, ಪ್ರತಿ ಫ್ರೇಮಿನ ಸಮಯ ತೋರಿಸುವ ಸಾಫ್ಟ್‌ವೇರ್‌ನಲ್ಲೇ ನೋಡಬೇಕು. ಪರೀಕ್ಷೆ ಸುಲಭ: ಅದೇ ಫೋನ್, ಅದೇ ಬೆಳಕು, ಓಡುತ್ತಿರುವ ಒಂದು ಸ್ಟಾಪ್‌ವಾಚನ್ನು ಹತ್ತು ಸೆಕೆಂಡು ವಿಡಿಯೋ ಮಾಡಿ ಫ್ರೇಮ್ ಎಣಿಸಿ. 2400 ಹತ್ತಿರ ಬರದಿದ್ದರೆ ಆ ವಿಡಿಯೋ ಬಿಡಿ.

ನಾಲ್ಕನೆಯದು ನನಗೆ ಇಷ್ಟವಾದದ್ದು, ಆದರೆ ಅಧಿಕೃತ ಅಲ್ಲ. ಎಲೆಕ್ಟ್ರಾನಿಕ್ ಇರುವ ಕೂಟಕ್ಕೆ ಮಕ್ಕಳನ್ನು ಕರೆದುಕೊಂಡು ಹೋದಾಗ ಗ್ಯಾಲರಿಯಲ್ಲಿ ಫಿನಿಶ್ ಗೆರೆ ನೇರಕ್ಕೆ ಕೂತು, ನಮ್ಮ ವಾಚ್‌ನಲ್ಲೂ ಸಮಯ ಹಿಡಿದು ಬೋರ್ಡ್ ಜೊತೆ ಹೋಲಿಸುವುದು. ನನ್ನ ಕಚ್ಚಾ ಸಮಯ ಸರಾಸರಿ 0.27 ಕಮ್ಮಿ ಬರುತ್ತಿತ್ತು, ಪಕ್ಕದಲ್ಲಿ ಕೂತಿದ್ದ ಮೇಷ್ಟ್ರದು 0.18. ಅವರು ಕೊನೆಯಲ್ಲಿ ಸ್ವಲ್ಪ ತಡವಾಗಿ ಒತ್ತುತ್ತಾರೆ, ನೋಡುತ್ತಾ ಕೂತರೆ ಕಣ್ಣಿಗೇ ಗೊತ್ತಾಗುತ್ತದೆ. ನಮ್ಮ ನಮ್ಮ ಅಂತರ ಗೊತ್ತಾದ ಮೇಲೆ ಪ್ರಾಕ್ಟೀಸ್‌ನಲ್ಲಿ ನಾನು ಹಿಡಿದ ಸಮಯಕ್ಕೆ 0.27, ಅವರು ಹಿಡಿದದ್ದಕ್ಕೆ 0.18. ಆದರೆ ಇದು ಸರಾಸರಿ ಮಾತ್ರ. ಒಂದೊಂದು ಓಟದಲ್ಲಿ ನನ್ನ ಕೈಯೇ 0.1 ಅತ್ತ ಇತ್ತ ಹೋಗುತ್ತದೆ. ಯಾವ ತಿದ್ದುಪಡಿಯೂ ಅದನ್ನು ತೆಗೆಯಲಾರದು.

400 ಮೀಟರ್‌ಗೆ ಸೇರಿಸುವುದು 0.24 ಅಲ್ಲ, 0.14. ಅಲ್ಲಿ ಓಟ ಶುರುವಾಗುವುದೂ ಮುಗಿಯುವುದೂ ಒಂದೇ ಗೆರೆಯಲ್ಲಿ, ಗನ್ ವಾಚ್ ಹಿಡಿದವರ ಹತ್ತಿರವೇ ಇರುತ್ತದೆ. ಇದು ಎಷ್ಟು ಸರಿ ಕೂರುತ್ತದೆ ಅನ್ನುವುದಕ್ಕೆ ಮಿಲ್ಖಾ ಸಿಂಗ್ ಓಟಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. 1960ರ ರೋಮ್ ಒಲಿಂಪಿಕ್ಸ್ ಫೈನಲ್‌ನಲ್ಲಿ ಅವರ ಕೈ ಸಮಯ 45.6, ಎಲೆಕ್ಟ್ರಾನಿಕ್ 45.73. 45.6ಕ್ಕೆ 0.14 ಸೇರಿಸಿ ನೋಡಿ, 45.74! 1998ರಲ್ಲಿ ಪರಮ್‌ಜೀತ್ ಸಿಂಗ್ 45.70 ಓಡಿ ದಾಖಲೆ ಮುರಿದಾಗ 45.6 ಕಮ್ಮಿ ಅಲ್ವಾ ಅಂತ ಕೇಳಿದರೆ ಉತ್ತರ ಇಲ್ಲೇ ಇದೆ. ಆದರೆ ಅದೇ ರೋಮ್‌ನ 100 ಮೀಟರ್ ಫೈನಲ್ ನೋಡಿ. ಆರ್ಮಿನ್ ಹ್ಯಾರಿ ಕೈ ಸಮಯ 10.2, ಎಲೆಕ್ಟ್ರಾನಿಕ್ 10.32. ವ್ಯತ್ಯಾಸ ಬರೀ 0.12. ಒಲಿಂಪಿಕ್ಸ್‌ನ ಟೈಮ್‌ಕೀಪರ್‌ಗಳಲ್ಲೇ ಹೀಗೆ ಅಂದಮೇಲೆ ಒಂದು ಓಟಕ್ಕೆ 0.24ನ್ನು ಎಷ್ಟು ಗಟ್ಟಿಯಾಗಿ ಹಿಡಿದುಕೊಳ್ಳಬಹುದು, ನೀವೇ ಹೇಳಿ.

ಹಳೇ ಪಟ್ಟಿ ಕೈಗೆ ಬಂದರೆ ನಾನು ಮೊದಲು ನೋಡುವುದು ಕೊನೆಯ ಅಂಕಿಗಳನ್ನು. ಎಲ್ಲರದೂ 12.90, 13.10, 13.40 ಅಂತ ಸೊನ್ನೆಯಲ್ಲೇ ಮುಗಿದಿದ್ದರೆ ಅದು ಕೈ ಸಮಯ, ಕಂಪ್ಯೂಟರ್‌ನಲ್ಲಿ ಟೈಪ್ ಮಾಡಿದಾಗ ಸೊನ್ನೆ ಸೇರಿಕೊಂಡಿದೆ. ಇಂಥದ್ದನ್ನು ಎಲೆಕ್ಟ್ರಾನಿಕ್ ಅಂತ ನಂಬಿ ತಂಡ ಆರಿಸಿದ್ದನ್ನು ನೋಡಿದ್ದೇನೆ. 100, 200 ಮೀಟರ್‌ನಲ್ಲಿ ಎಲ್ಲವೂ 4ರಲ್ಲಿ ಮುಗಿದರೆ ಯಾರೋ ಈಗಾಗಲೇ 0.24 ಸೇರಿಸಿದ್ದಾರೆ, ಮತ್ತೊಮ್ಮೆ ಸೇರಿಸಬೇಡಿ. ಎಲ್ಲಾ ಅಂಕಿಯೂ ಬೆರೆತಿದ್ದು ಆ ಕೂಟದಲ್ಲಿ ಎಲೆಕ್ಟ್ರಾನಿಕ್ ಇರಲಿಲ್ಲ ಅಂತ ಗೊತ್ತಿದ್ದರೆ ಅದು ಏರಿಸದ ಕಚ್ಚಾ ಸಮಯ.

ಸೀಟಿ ಊದಿ ಬಿಟ್ಟ 100 ಮೀಟರ್ ಓಟಗಳದ್ದು ಬೇರೆಯೇ ಕಥೆ. ವಾಚ್ ಹಿಡಿದವನಿಗೆ ಸೀಟಿ ಕೇಳುವುದೇ 0.29 ತಡ, ಆಮೇಲೆ ಬೆರಳಿನ ತಡ. 0.24 ಅಲ್ಲಿ ಅರ್ಧ ದಾರಿಗೂ ಸಾಲುವುದಿಲ್ಲ. ಆಷಾಢದ ಗಾಳಿ ಬೆನ್ನಿಗೆ ಬೀಸುತ್ತಿದ್ದರಂತೂ ಕೇಳಲೇಬೇಡಿ, ಅದನ್ನು ಅಳೆಯೋಕೆ ನಮ್ಮ ಮೈದಾನದಲ್ಲಿ ಏನೂ ಇರುವುದಿಲ್ಲ. ಅಂಥ ಸಮಯಗಳನ್ನು ನಾನು ಪರಿವರ್ತಿಸಲು ಹೋಗುವುದೇ ಇಲ್ಲ.

ಉಳಿದವಕ್ಕೆ ನನ್ನ ಆಯ್ಕೆ ಇಷ್ಟು. ಬೇರೆ ಊರಿನ ಪಟ್ಟಿ ಜೊತೆ ಹೋಲಿಸುವಾಗ ಏರಿಸಿ 0.24. ನನ್ನ ಮಕ್ಕಳ ಸುಧಾರಣೆ ನೋಡುವಾಗ ವಿಡಿಯೋ, ಅದಿಲ್ಲದಿದ್ದರೆ ನನ್ನದೇ 0.27. ದಾಖಲೆ ವಿಷಯಕ್ಕೆ ಯಾವುದೂ ಬೇಡ. 400 ಮೀಟರ್‌ವರೆಗಿನ ವಿಶ್ವದಾಖಲೆಗೆ 1977ರಿಂದಲೇ ಎಲೆಕ್ಟ್ರಾನಿಕ್ ಕಡ್ಡಾಯ. ರಿಜಿಸ್ಟರ್‌ನಲ್ಲಿ 13.24 ಒಂದನ್ನೇ ಬರೆಯುವುದಿಲ್ಲ, ಮೂರು ವಾಚಿನ ಮೂಲ ಅಂಕಿ, ಗನ್ನೋ ಕ್ಲ್ಯಾಪರೋ, ಆಮೇಲೆ ಪರಿವರ್ತಿಸಿದ್ದು, ಹೀಗೆ ಬೇರೆ ಬೇರೆ ಕಾಲಂ. 13.24 ಪಡೆದವಳು ಎಲೆಕ್ಟ್ರಾನಿಕ್‌ನಲ್ಲಿ 13.30 ಓಡಿದವಳಿಗಿಂತ ಮುಂದೆ ಅಂತ ಯಾರಾದರೂ ಹಟ ಹಿಡಿದರೆ, ಇಬ್ಬರನ್ನೂ ಅಕ್ಕಪಕ್ಕದ ಲೇನ್‌ನಲ್ಲಿ ಓಡಿಸಿ ಅಂತ ಹೇಳುತ್ತೇನೆ.