ಇಬ್ಬರಿಗೆ ಎರಡು ಕ್ಲೋಸೋ, ಒಂದು ವೈಡ್ ಒಂದು ಕ್ಲೋಸೋ: ಪಾಡ್‌ಕಾಸ್ಟ್‌ನಲ್ಲಿ ಕತ್ತರಿ ಗುರುತು ಮುಚ್ಚಲು ಯಾವುದು ಮೇಲು?

ಇಬ್ಬರು ಎದುರುಬದುರು ಕೂತು ಮಾತಾಡುವ ವಿಡಿಯೊ ಪಾಡ್‌ಕಾಸ್ಟ್‌ಗೆ ಎರಡು ಕ್ಯಾಮೆರಾ ಇದ್ದರೆ, ಅವನ್ನು ನಿಲ್ಲಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಅತಿಥಿಗೊಂದು, ನಿರೂಪಕರಿಗೊಂದು. ಎರಡೂ ಎದೆಮಟ್ಟದ ಕ್ಲೋಸ್. ಎರಡನೆಯದರಲ್ಲಿ ಒಂದು ಕ್ಯಾಮೆರಾ ಇಬ್ಬರನ್ನೂ ಹಿಡಿಯುವ ವೈಡ್, ಇನ್ನೊಂದು ಅತಿಥಿಯ ಕ್ಲೋಸ್. ಅದೇ ಕೋಣೆ, ಅದೇ ಬೆಳಕಿನಲ್ಲಿ ಎರಡನ್ನೂ ಮಾಡಿ ನೋಡಿದ್ದೇವೆ. ಚಿತ್ರೀಕರಿಸುವಾಗ ಎರಡನೆಯದೇ ಹಗುರ ಅನಿಸುತ್ತದೆ. ಎಡಿಟ್‌ಗೆ ಕೂತಾಗ ಲೆಕ್ಕ ತಿರುಗಿ ಬೀಳುತ್ತದೆ.

ಒಂದು ಉತ್ತರವನ್ನೇ ತೆಗೆದುಕೊಳ್ಳಿ. ಅತಿಥಿ 40 ಸೆಕೆಂಡ್ ಮಾತಾಡಿದ್ದಾರೆ. 12ನೇ ಸೆಕೆಂಡಿನಿಂದ 26ರವರೆಗೆ ಮಾತು ಎಲ್ಲೋ ಅಡ್ಡ ಹೋಗಿದೆ. ಆ 14 ಸೆಕೆಂಡನ್ನು ಕತ್ತರಿಸಿ ಎರಡು ತುದಿ ಜೋಡಿಸಿದರೆ ಅತಿಥಿಯ ತಲೆ, ಕೈ, ಭುಜ ಒಮ್ಮೆಲೇ ಬೇರೆ ಕಡೆಗೆ ಜಿಗಿಯುತ್ತವೆ. ಜಂಪ್ ಕಟ್ ಅನ್ನುವುದು ಇದನ್ನೇ.

ವೈಡ್ ಮತ್ತು ಕ್ಲೋಸ್ ಜೋಡಿಯಲ್ಲಿ ಪರಿಹಾರ ನೇರವಾಗಿದೆ. 12ರವರೆಗೆ ಕ್ಲೋಸ್ ಇಟ್ಟು, 26ರಿಂದ ವೈಡ್‌ಗೆ ಹೋಗುವುದು. ಚೌಕಟ್ಟಿನ ಅಳತೆಯೂ ಕೋನವೂ ಬದಲಾಗುವುದರಿಂದ ಕಣ್ಣು ಜಿಗಿತವನ್ನು ಗಮನಿಸುವುದಿಲ್ಲ. ಆದರೆ ಎರಡು ಕ್ಯಾಮೆರಾಗಳ ಕೋನದಲ್ಲಿ ಕನಿಷ್ಠ 30 ಡಿಗ್ರಿ ವ್ಯತ್ಯಾಸವಿರಬೇಕು. ಪಕ್ಕಪಕ್ಕದಲ್ಲೇ ನಿಲ್ಲಿಸಿದರೆ ವೈಡ್‌ಗೆ ಹೋದದ್ದೂ ಜಿಗಿತದಂತೆಯೇ ಕಾಣುತ್ತದೆ. ನಿಜವಾದ ತೊಡಕು ಬೇರೆ. ವೈಡ್‌ನಲ್ಲೂ ಅತಿಥಿಯ ತುಟಿ ಕಾಣುತ್ತದೆ, ಹಾಗಾಗಿ ಚಿತ್ರ ಬದಲಾಗುವ ಜಾಗ ಧ್ವನಿ ಕತ್ತರಿಸಿದ ಜಾಗವೇ ಆಗಿರಬೇಕು. ಒಂದೆರಡು ಫ್ರೇಮ್‌ಗಿಂತ ಆಚೀಚೆ ಆದರೂ ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ಜೊತೆಗೆ, ಅಲ್ಲಿಂದ ಎರಡೇ ಸೆಕೆಂಡಿನಲ್ಲಿ ಇನ್ನೊಂದು ಕಟ್ ಬಂದರೆ ಮತ್ತೆ ಕ್ಲೋಸ್‌ಗೆ ಓಡಬೇಕು. ಒಂದು ನಿಮಿಷದ ಉತ್ತರದಲ್ಲಿ ನಾಲ್ಕೈದು ಸಲ ಕತ್ತರಿ ಬಿದ್ದರೆ ಚಿತ್ರ ಹಿಂದೆ ಮುಂದೆ ಕುಣಿಯಲು ಶುರುವಾಗುತ್ತದೆ, ನೋಡುವವರಿಗೆ ಕಾರಣ ತಿಳಿಯದೆಯೇ ದಣಿವಾಗುತ್ತದೆ.

ಎರಡು ಕ್ಲೋಸ್‌ಗಳ ಜೋಡಿಯಲ್ಲಿ ಮುಚ್ಚಳವಾಗುವುದು ಕೇಳಿಸಿಕೊಳ್ಳುತ್ತಿರುವ ನಿರೂಪಕರ ಮುಖ. ಅವರ ತುಟಿ ಮುಚ್ಚಿರುತ್ತದೆ, ಆದ್ದರಿಂದ ಆ ಚಿತ್ರ ಧ್ವನಿಗೆ ತಾಳೆಯಾಗಬೇಕೆಂಬ ಕಟ್ಟುಪಾಡೇ ಇಲ್ಲ. ಜೋಡಣೆಗೆ ಒಂದು ಸೆಕೆಂಡ್ ಮೊದಲೇ ನಿರೂಪಕರ ಮುಖ ತಂದು, ಜೋಡಣೆ ದಾಟಿ ಒಂದೂವರೆ ಸೆಕೆಂಡ್ ಆದ ಮೇಲೆ ಅತಿಥಿಗೆ ಮರಳಬಹುದು. ಧ್ವನಿ ಕತ್ತರಿಸಿದ ಜಾಗ ಒಂದೇ ಮುಖದ ಮೇಲೆ ಸದ್ದಿಲ್ಲದೆ ಸಾಗಿಹೋಗುತ್ತದೆ. ನಮ್ಮ ಮಟ್ಟಿಗೆ ಈ ಸ್ವಾತಂತ್ರ್ಯವೊಂದೇ ಮೊದಲ ದಾರಿಯನ್ನು ಗೆಲ್ಲಿಸುತ್ತದೆ.

ಆದರೆ ಇಲ್ಲೊಂದು ಎಡವುವ ಜಾಗವಿದೆ. ಮಲ್ಟಿಕ್ಯಾಮ್ ಟೈಮ್‌ಲೈನ್‌ನಲ್ಲಿ 14 ಸೆಕೆಂಡ್ ತೆಗೆದಾಗ ಎರಡೂ ಕ್ಯಾಮೆರಾಗಳ ಚಿತ್ರ ಅದೇ ಜಾಗದಲ್ಲಿ ಕತ್ತರಿಸಿಹೋಗಿರುತ್ತದೆ. ಹಾಗಾಗಿ ಜೋಡಣೆಗೆ ಮೊದಲೇ ನಿರೂಪಕರ ಕ್ಯಾಮೆರಾಕ್ಕೆ ಹೋದರೆ, ಅತಿಥಿಯ ಬದಲು ನಿರೂಪಕರ ತಲೆಯೇ ಜಿಗಿಯುತ್ತದೆ. ನಿರೂಪಕರ ಮೂಲ ಫೈಲ್‌ನಿಂದ ತುಂಡಾಗದ ಎರಡೂವರೆ ಮೂರು ಸೆಕೆಂಡನ್ನು ಬೇರೆಯಾಗಿ ತೆಗೆದು, ಅದರ ಧ್ವನಿ ಅಳಿಸಿ, ಮೇಲಿನ ಟ್ರ್ಯಾಕ್‌ನಲ್ಲಿ ಹೊದಿಸಬೇಕು. ಅದೇ ಉತ್ತರದ ಆಸುಪಾಸಿನಿಂದ ಆರಿಸಿಕೊಂಡರೆ ಕೂತ ಭಂಗಿ, ಬೆಳಕು ಹೊಂದುತ್ತವೆ. ಅತಿಥಿ ಸಾವಿನ ವಿಷಯ ಹೇಳುವಾಗ ಬೇರೆಲ್ಲೋ ನಕ್ಕ ಮುಖವನ್ನೋ, ಒಪ್ಪದ ಮಾತಿಗೆ ತಲೆಯಾಡಿಸಿದ ತುಣುಕನ್ನೋ ತಂದು ಹಾಕುವುದು ಸುಳ್ಳು ಹೇಳಿದಂತೆಯೇ. ಅದನ್ನು ಮಾಡಬಾರದು.

ಇದೆಲ್ಲ ನಡೆಯಬೇಕಾದರೆ ನಿರೂಪಕರು ಬಾಯಿಬಿಡದೆ ಕೇಳಬೇಕು. "ಹೂಂ", "ಹೌದಾ" ಅಂದಷ್ಟೂ ತುಟಿ ಅಲುಗುತ್ತದೆ, ಆ ತುಣುಕು ಉಪಯೋಗಕ್ಕೆ ಬರುವುದಿಲ್ಲ. ಮೇಲಾಗಿ ಆ ಸದ್ದು ಅತಿಥಿಯ ಮೈಕ್‌ಗೂ ಸೇರಿ ಕತ್ತರಿಸಲು ಜಾಗವೇ ಉಳಿಯುವುದಿಲ್ಲ. ತಲೆಯಾಡಿಸಿದರೆ ಸಾಕೆಂದು ಮೊದಲೇ ಹೇಳಿಡಿ.

ಯಾವ ದಾರಿಯಾದರೂ ಧ್ವನಿಯ ಕೆಲಸ ಮೊದಲು ಮುಗಿಯಬೇಕು. ಕಣ್ಣು ಮುಚ್ಚಿ ಕೇಳಿದಾಗ ಜೋಡಣೆ ತಿಳಿದರೆ ಯಾವ ಚಿತ್ರವೂ ಅದನ್ನು ಮುಚ್ಚದು. ಹೆಚ್ಚಿನ ಸಲ ತಪ್ಪು ಇರುವುದು ಉಸಿರಿನಲ್ಲಿ: ಎರಡು ಉಸಿರು ಒಂದರ ಹಿಂದೊಂದು ಬಂದಿರುತ್ತವೆ, ಇಲ್ಲವೇ ಒಂದೂ ಉಳಿದಿರುವುದಿಲ್ಲ. ಒಂದನ್ನು ಉಳಿಸಿ, ಎರಡು ಮೂರು ಫ್ರೇಮ್‌ಗಳ ಕ್ರಾಸ್‌ಫೇಡ್ ಕೊಡಿ. ಚಿತ್ರೀಕರಣದ ದಿನ ಎಲ್ಲರೂ ಸುಮ್ಮನಿದ್ದು 30 ಸೆಕೆಂಡ್ ಖಾಲಿ ಕೋಣೆಯ ಸದ್ದು ದಾಖಲಿಸಿಕೊಂಡಿದ್ದರೆ ನಡುವಿನ ಸಂದು ತುಂಬಲು ಅದು ಬೇಕಾಗುತ್ತದೆ.

ಬಣ್ಣದ ವಿಷಯದಲ್ಲೂ ಎರಡು ಕ್ಲೋಸ್‌ಗಳದೇ ಮೇಲುಗೈ. ವೈಡ್–ಕ್ಲೋಸ್ ಜೋಡಿಯಲ್ಲಿ ಒಂದೇ ಮುಖವನ್ನು ಎರಡೂ ಕ್ಯಾಮೆರಾ ತೋರಿಸುವುದರಿಂದ, ಒಂದು ತುಸು ಹಳದಿ, ಇನ್ನೊಂದು ತುಸು ನೀಲಿ ಆದರೂ ಪ್ರತಿ ಕಟ್‌ನಲ್ಲಿ ಎದ್ದು ಕಾಣುತ್ತದೆ. ಎರಡು ಕ್ಲೋಸ್‌ಗಳಲ್ಲಿ ಮುಖವೇ ಬೇರೆ, ಹಾಗಾಗಿ ಸಣ್ಣ ವ್ಯತ್ಯಾಸ ಅಡಗುತ್ತದೆ. ಹಾಗೆಂದು ಆಟೋ ಬಿಡಬೇಡಿ. ವೈಟ್ ಬ್ಯಾಲೆನ್ಸ್ ಎರಡರಲ್ಲೂ ಒಂದೇ ಕೆಲ್ವಿನ್ ಅಂಕಿಗೆ ಇರಲಿ, ಫ್ರೇಮ್ ದರವೂ ಒಂದೇ ಇರಲಿ. ವಿದ್ಯುತ್ 50 ಹರ್ಟ್ಸ್ ಇರುವಲ್ಲಿ 25 ಫ್ರೇಮ್, 1/50 ಶಟರ್. 60 ಹರ್ಟ್ಸ್ ಇರುವಲ್ಲಿ 30 ಫ್ರೇಮ್, 1/60. ಇಲ್ಲದಿದ್ದರೆ ಕೆಲವು ದೀಪಗಳು ಮಿನುಗುತ್ತವೆ.

ಎರಡು ಕ್ಲೋಸ್‌ಗಳಿಗೆ ತೆರಬೇಕಾದ ಬೆಲೆ ಇರುವುದು ಕ್ಯಾಮೆರಾ ನಿಲ್ಲಿಸುವುದರಲ್ಲಿ. ಇಬ್ಬರ ನಡುವೆ ಗೆರೆ ಎಳೆದಂತೆ ಭಾವಿಸಿ, ಎರಡೂ ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಬೇಕು. ಆಗ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ನೋಡುತ್ತಾರೆ. ಒಂದು ಕ್ಯಾಮೆರಾ ಗೆರೆ ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ತಿರುಗಿ, ಕಾಣದ ಮೂರನೆಯವರೊಡನೆ ಮಾತಾಡುವಂತೆ ತೋರುತ್ತದೆ. ಲೆನ್ಸ್ ಇಬ್ಬರ ಕಣ್ಣಿನ ಎತ್ತರಕ್ಕೆ, ಫೋಕಲ್ ಲೆಂತ್ ಒಂದೇ, ತಲೆಯ ಮೇಲಿನ ಖಾಲಿ ಜಾಗವೂ ಒಂದೇ ಇರಲಿ.

ಹಿನ್ನೆಲೆಯನ್ನು ಅಂದಕ್ಕಾಗಿ ಮಾತ್ರ ತೆರವುಗೊಳಿಸುವುದಲ್ಲ. ಗೋಡೆ ಗಡಿಯಾರ, ಅಲುಗುವ ಪರದೆ, ಕಿಟಕಿಯಿಂದ ಬಿದ್ದು ಜರುಗುವ ಬಿಸಿಲು, ಮಟ್ಟ ಇಳಿಯುವ ಲೋಟ, ಇವೆಲ್ಲ ಹೊತ್ತು ಸರಿದದ್ದನ್ನು ಹೇಳಿಬಿಡುತ್ತವೆ. ಮುಖ ಜಿಗಿಯದಿದ್ದರೂ ಬಿಸಿಲು ಜಿಗಿದರೆ ಕತ್ತರಿ ಬಯಲಾಯಿತು. ಕಿಟಕಿ ಮುಚ್ಚಿ, ದೀಪದ ಬೆಳಕಿನಲ್ಲೇ ಮಾಡಿ. ಗೋಡೆಯಿಂದ ಒಂದೂವರೆ ಎರಡು ಮೀಟರ್ ಮುಂದೆ ಕೂರಿಸಿದರೆ ನೆರಳು ಗೋಡೆ ಮುಟ್ಟುವುದಿಲ್ಲ, ಹಿನ್ನೆಲೆಯೂ ಮೆತ್ತಗಾಗುತ್ತದೆ. ವೈಡ್ ಇಟ್ಟರೆ ನೆಲ, ಕೇಬಲ್, ಮೈಕ್ ಸ್ಟ್ಯಾಂಡ್‌ಗಳನ್ನೂ ಅಚ್ಚುಕಟ್ಟು ಮಾಡಬೇಕು. ಕ್ಲೋಸ್‌ಗಳಿಗೆ ಎರಡು ಸಣ್ಣ ಗೋಡೆ ತುಂಡು ಸಾಕು.

4ಕೆ ಯಲ್ಲಿ ಚಿತ್ರೀಕರಿಸಿ 1080 ಟೈಮ್‌ಲೈನ್‌ನಲ್ಲಿ ಎಡಿಟ್ ಮಾಡುವವರಿಗೆ ಇನ್ನೊಂದು ಉಪಾಯವಿದೆ: ಜೋಡಣೆಯಲ್ಲಿ ಅತಿಥಿಯ ಚಿತ್ರವನ್ನೇ ಹಿಗ್ಗಿಸುವುದು. ಎರಡು ಪಟ್ಟಿನವರೆಗೆ ಸ್ಪಷ್ಟತೆ ಕೆಡುವುದಿಲ್ಲ. ಶೇ 130ರ ಸುತ್ತಮುತ್ತ ಹಿಗ್ಗಿಸಿದರೆ ಬೇಕೆಂದೇ ಮಾಡಿದಂತೆ ಕಾಣುತ್ತದೆ; 110ಕ್ಕೆ ನಿಲ್ಲಿಸಿದರೆ ಕ್ಯಾಮೆರಾಕ್ಕೆ ಯಾರೋ ತಾಗಿದಂತಿರುತ್ತದೆ. ಅಪರೂಪಕ್ಕೆ ಬಳಸಿದರೆ ಚೆನ್ನ.

ವೈಡ್ ನಿಜವಾಗಿ ಗೆಲ್ಲುವುದು ಇಬ್ಬರೂ ಒಟ್ಟಿಗೆ ನಗುವಾಗ, ಮಾತಿಗೆ ಮಾತು ಸೇರುವಾಗ, ಕೈಯಲ್ಲಿ ವಸ್ತು ಹಿಡಿದು ತೋರಿಸುವಾಗ. ಅಲ್ಲಿ ಎರಡು ಕ್ಲೋಸ್‌ಗಳ ನಡುವೆ ಓಡಾಡಿದರೆ ಅರ್ಧ ನಗು ತಪ್ಪಿಹೋಗುತ್ತದೆ. ಮಾತು ಹೆಚ್ಚು ಕತ್ತರಿಸದೆ ಹಾಗೇ ಬಿಡುವ ಕಾರ್ಯಕ್ರಮವಾದರೆ ವೈಡ್ ಮತ್ತು ಕ್ಲೋಸ್ ಆರಿಸಿಕೊಳ್ಳಿ. ಗಂಟೆಯ ಮಾತನ್ನು ಅರ್ಧಕ್ಕೆ ಇಳಿಸುವುದಾದರೆ ಎರಡು ಕ್ಲೋಸ್ ಇಡಿ, ನಗುವಿನ ಜಾಗದಲ್ಲಿ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ಪರದೆ ಹಂಚಿ. ಹಂಚಿದ ಪರದೆಯೊಳಗೆ ಮಾತ್ರ ಕತ್ತರಿ ಹಾಕಬೇಡಿ. ಅಲ್ಲಿ ಎರಡು ತಲೆಗಳೂ ಒಟ್ಟಿಗೆ ಜಿಗಿಯುತ್ತವೆ.