ಕನಕಾಂಗಿಯೋ, ಕನಕಾಂಬರಿಯೋ? ಹೆಸರಿನಿಂದ ಮೇಳ ಹಿಡಿಯುವ ಎರಡು ಪಟ್ಟಿಗಳು

ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳಗಳಿಗೆ, ಅಂದರೆ ಮೂಲರಾಗಗಳಿಗೆ, ಎರಡು ಹೆಸರುಪಟ್ಟಿಗಳಿವೆ. ಇಂದು ಎಲ್ಲ ಪಾಠಗಳಲ್ಲೂ ಸಿಗುವುದು ಕನಕಾಂಗಿ, ರತ್ನಾಂಗಿ ಎಂದು ಶುರುವಾಗುವ ಸಂಪೂರ್ಣ ಮೇಳಗಳ ಪಟ್ಟಿ. ಇನ್ನೊಂದು ಕನಕಾಂಬರಿ, ಫೇನದ್ಯುತಿ ಎಂದು ಹೊರಡುವುದು. ಅದು ವೆಂಕಟಮಖಿಯ ಪರಂಪರೆಯದು, ಮುತ್ತುಸ್ವಾಮಿ ದೀಕ್ಷಿತರ ಸಂಪ್ರದಾಯ ಉಳಿಸಿಕೊಂಡದ್ದು. ಎರಡನ್ನೂ ಬಾಯಿಪಾಠ ಮಾಡಿ, ಹೆಸರು ಕೇಳಿದೊಡನೆ ಸ್ವರ ಹೇಳಲು ಯಾವುದು ಹೆಚ್ಚು ನೆರವಾಗುತ್ತದೆ ಎಂದು ನೋಡಿದ್ದೇನೆ.

ಸೂತ್ರ ಎರಡಕ್ಕೂ ಒಂದೇ, ಅಕ್ಷರಕ್ಕೆ ಅಂಕೆ ಕೊಡುವ ಕಟಪಯಾದಿ. ಕ, ಟ, ಪ, ಯ ಈ ನಾಲ್ಕೂ ಅಕ್ಷರಗಳಿಗೆ 1. ಅಲ್ಲಿಂದ ವರ್ಣಮಾಲೆಯ ಕ್ರಮದಲ್ಲಿ ಎಣಿಸುತ್ತ ಹೋಗಬೇಕು. ಞ ಮತ್ತು ನ ಸೊನ್ನೆ. ಹೆಸರಿನ ಮೊದಲ ಎರಡು ಅಕ್ಷರಗಳ ಅಂಕೆ ತೆಗೆದು ಹಿಂದುಮುಂದು ಮಾಡಿದರೆ ಮೇಳದ ಸಂಖ್ಯೆ. ಮಾಯಾಮಾಳವಗೌಳದಲ್ಲಿ ಮಾ 5, ಯಾ 1, ತಿರುಗಿಸಿದರೆ 15. ತೋಡಿಗೆ 'ಹನುಮ' ಎಂಬ ಪೂರ್ವಪದ ಅಂಟಿದ್ದೂ ಇದಕ್ಕಾಗಿಯೇ: ಹ 8, ನು 0, ಅಂದರೆ 8ನೆಯ ಮೇಳ. ದೀಕ್ಷಿತರ ಪಟ್ಟಿಯಲ್ಲಿ ಅದೇ ತೋಡಿ 'ಜನತೋಡಿ'. ಜ ಕೂಡ 8 ಆದ್ದರಿಂದ ಸಂಖ್ಯೆ ಕೆಡುವುದಿಲ್ಲ.

ತಕರಾರು ಒತ್ತಕ್ಷರದಲ್ಲಿದೆ. ಕಟಪಯಾದಿಯ ಸಾಮಾನ್ಯ ನಿಯಮದಂತೆ ಒತ್ತಕ್ಷರದ ಕೊನೆಯ ವ್ಯಂಜನವನ್ನು ಎಣಿಸಬೇಕು. ಸೂರ್ಯಕಾಂತದಲ್ಲಿ ಸೂ 7, 'ರ್ಯ'ದಲ್ಲಿ ಯ 1, ಸಂಖ್ಯೆ 17, ಸರಿಯಾಗಿದೆ. ರತ್ನಾಂಗಿ, ಧರ್ಮವತಿಗಳೂ ಈ ನಿಯಮಕ್ಕೆ ಒಗ್ಗುತ್ತವೆ. ಆದರೆ ಚಕ್ರವಾಕಕ್ಕೆ ಬಂದಾಗ ಇದೇ ನಿಯಮ ಕೈಕೊಡುತ್ತದೆ. ಚ 6, 'ಕ್ರ'ದ ಕೊನೆಯ ರ 2, ತಿರುಗಿಸಿದರೆ 26. ಅದು ಚಾರುಕೇಶಿಯ ಮನೆ. ಚಕ್ರವಾಕ ನಿಜಕ್ಕೂ 16, ಅದನ್ನು ಪಡೆಯಲು 'ಕ್ರ'ದ ಮೊದಲ ವ್ಯಂಜನ ಕ ಹಿಡಿಯಬೇಕು. ದಿವ್ಯಮಣಿ, ವಿಶ್ವಂಭರಿ, ಚಿತ್ರಾಂಬರಿಗಳಲ್ಲೂ ಹೀಗೆಯೇ. ಸಿಂಹೇಂದ್ರಮಧ್ಯಮದಲ್ಲಂತೂ ಅನುಸ್ವಾರವನ್ನೇ ಮ ಎಂದು ಓದಿ 5 ಕೊಟ್ಟರೆ ಮಾತ್ರ 57 ಬರುತ್ತದೆ. ಹೆಸರಿಗೆ ತಕ್ಕಂತೆ ನಿಯಮ ಬಾಗಿಸಬೇಕಾದರೆ ಅದನ್ನು ಸೂತ್ರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಕನಕಾಂಬರಿ ಪಟ್ಟಿ ಇಲ್ಲಿ ಗೆಲ್ಲುತ್ತದೆ. ಅಲ್ಲಿ 16ನೆಯದು ತೋಯವೇಗವಾಹಿನಿ: ತೋ 6, ಯ 1, ಬೇರೆ ಮಾತಿಲ್ಲ. 48 ಜೀವಂತಿಕಾ, 57 ಸುಮದ್ಯುತಿ, 66 ಚತುರಂಗಿಣಿ. ಮೊದಲ ಎರಡು ಅಕ್ಷರ ಬಿಡಿಬಿಡಿಯಾಗಿರುವುದರಿಂದ ಲೆಕ್ಕ ತಪ್ಪಲು ಜಾಗವೇ ಇಲ್ಲ. ಇಪ್ಪತ್ತನೆಯ ಮೇಳದ್ದು ಇನ್ನೂ ಸ್ವಾರಸ್ಯ. ಕನಕಾಂಗಿ ಪಟ್ಟಿಯಲ್ಲಿ ಅದನ್ನು ನಮ್ಮಲ್ಲಿ ಬಹಳ ಕಡೆ 'ನಟಭೈರವಿ' ಎಂದು ಅಚ್ಚು ಹಾಕುತ್ತಾರೆ. ಟ 1 ಆದ್ದರಿಂದ ಸಂಖ್ಯೆ 10 ಆಗಿ ನಾಟಕಪ್ರಿಯಕ್ಕೆ ಹೋಗಿ ನಿಲ್ಲುತ್ತೇವೆ. 'ನಠಭೈರವಿ' ಎಂದು ಮಹಾಪ್ರಾಣ ಇಟ್ಟರೆ ಠ 2, ಸಂಖ್ಯೆ 20. ದೀಕ್ಷಿತರ 'ನಾರೀರೀತಿಗೌಳ'ಕ್ಕೆ ಈ ಕಾಟವಿಲ್ಲ.

ಸಂಖ್ಯೆ ಸಿಕ್ಕ ಮೇಲೆ ಸ್ವರ ಬಿಡಿಸುವಾಗ ಪಂದ್ಯ ತಿರುಗುತ್ತದೆ. 36ರ ಒಳಗಿದ್ದರೆ ಶುದ್ಧ ಮಧ್ಯಮ, ಮೇಲಿದ್ದರೆ 36 ಕಳೆದು ಪ್ರತಿಮಧ್ಯಮ. ಬಳಿಕ ಆರಾರು ಮೇಳಗಳ ಚಕ್ರಗಳಲ್ಲಿ ಹುಡುಕಬೇಕು. ಹದಿನಾರು ಮೂರನೆಯ ಚಕ್ರವಾದ ಅಗ್ನಿಯಲ್ಲಿ ನಾಲ್ಕನೆಯದು. ಮೂರನೆಯ ಚಕ್ರವೆಂದರೆ ಶುದ್ಧ ಋಷಭ, ಅಂತರ ಗಾಂಧಾರ. ನಾಲ್ಕನೆಯ ಸ್ಥಾನವೆಂದರೆ ಚತುಶ್ರುತಿ ಧೈವತ, ಕೈಶಿಕಿ ನಿಷಾದ. ಚಕ್ರವಾಕ ಹಾಡಲು ಇಷ್ಟು ಸಾಕು, ಷಡ್ಜದಿಂದ ಷಡ್ಜಕ್ಕೆ ನೇರವಾಗಿ ಹತ್ತಿ ಇಳಿಯಬಹುದು. ಲೆಕ್ಕ ತಪ್ಪಿ 26 ಎಂದುಕೊಂಡಿದ್ದರೆ ಗಂಟಲೇ ಹೇಳುತ್ತದೆ: ಋಷಭ ಚತುಶ್ರುತಿಗೆ ಏರಿ, ಧೈವತ ಶುದ್ಧಕ್ಕೆ ಇಳಿದಿರುತ್ತದೆ.

ದೀಕ್ಷಿತರ ಪಟ್ಟಿಯಲ್ಲಿ ಈ ನೇರ ದಾರಿ ಇಲ್ಲ, ಏಕೆಂದರೆ ಅವು ಅಸಂಪೂರ್ಣ ಮೇಳಗಳು. 22ನೆಯದನ್ನೇ ನೋಡಿ. ಖರಹರಪ್ರಿಯ ಎಂದರೆ ಏಳೂ ಸ್ವರ ಕ್ರಮವಾಗಿ ಬರುತ್ತವೆ. ಅದೇ ಸಂಖ್ಯೆಯಲ್ಲಿ ಅಲ್ಲಿರುವುದು ಶ್ರೀರಾಗ. ಆರೋಹಣ ಸ ರಿ ಮ ಪ ನಿ ಸ, ಗಾಂಧಾರ, ಧೈವತ ಎರಡೂ ಇಲ್ಲ. ಅವರೋಹಣದ ಕೊನೆಗೆ ಮ ರಿ ಗ ರಿ ಸ ಎಂಬ ವಕ್ರ ಸಂಚಾರ. ಕಟಪಯಾದಿ ಸ್ವರಸ್ಥಾನಗಳನ್ನು ಸರಿಯಾಗಿಯೇ ಕೊಡುತ್ತದೆ. ಆದರೆ ಯಾವ ಸ್ವರ ಎಲ್ಲಿ ಬಿಡಬೇಕು, ಎಲ್ಲಿ ಹೊರಳಬೇಕು ಎಂಬುದನ್ನು ಪ್ರತಿ ರಾಗಕ್ಕೂ ಬೇರೆಯಾಗಿ ಕಲಿಯಬೇಕು.

ಹಾಗಾಗಿ ಸ್ವರಾಭ್ಯಾಸಕ್ಕೆ ನಾನು ಉಳಿಸಿಕೊಂಡದ್ದು ಕನಕಾಂಗಿ ಪಟ್ಟಿಯನ್ನು. ಒತ್ತಕ್ಷರದ ಹೆಸರು ಬಂದಾಗ ಎರಡೂ ವ್ಯಂಜನಗಳಿಂದ ಸಂಖ್ಯೆ ತೆಗೆದು, ಎರಡನ್ನೂ ಒಮ್ಮೆ ಹಾಡಿ ಆರಿಸುತ್ತೇನೆ. ದೀಕ್ಷಿತರ ಕೃತಿ ಎತ್ತಿಕೊಂಡ ದಿನ ಮಾತ್ರ ಪಕ್ಕದಲ್ಲಿ ಕನಕಾಂಬರಿ ಪಟ್ಟಿ ಇರುತ್ತದೆ. 65ನೆಯ ಮೇಳದ ಶಾಂತಕಲ್ಯಾಣಿ ಎಂಬ ಹೆಸರನ್ನು ಮೇಚಕಲ್ಯಾಣಿಗಿಂತ ಬೇರೆ ರಾಗವೆಂದು ಹುಡುಕುತ್ತ ಕೂರುವುದು ಅದರಿಂದ ತಪ್ಪುತ್ತದೆ.