ವಿದೇಶದಿಂದ ಮನೆಯವರು ದುಡ್ಡು ಕಳಿಸುತ್ತಾರಾ? ನಮ್ಮ 7,171 ರೂಪಾಯಿ ಎಲ್ಲಿ ಹೋಯಿತು ನೋಡಿ

ರೊಬಸ್ಟಾ ಕಾಫಿ ಕೊಯ್ಲಿನ ಹೊತ್ತು. ಗೋಣಿಕೊಪ್ಪದ ಹತ್ತಿರ ನಮ್ಮದು ಸಣ್ಣ ತೋಟ, ಶನಿವಾರ ಆಳುಗಳಿಗೆ ಬಟವಾಡೆ ಮಾಡಬೇಕು, ಕೈಯಲ್ಲಿ ದುಡ್ಡಿಲ್ಲ. ಅಮೆರಿಕದಲ್ಲಿರುವ ನನ್ನ ತಮ್ಮ 3,000 ಡಾಲರ್ ಬ್ಯಾಂಕಿನಿಂದ ನೇರವಾಗಿ ಕಳಿಸಿದ. ಗೂಗಲ್‌ನಲ್ಲಿ ಡಾಲರಿಗೆ 85.20 ಇತ್ತು. ಅಂದರೆ 2,55,600. ನಾನು ಕೊಯ್ಲಿನ ಪುಸ್ತಕದಲ್ಲಿ ಅದನ್ನೇ ಬರೆದು, ಯಾರಿಗೆ ಎಷ್ಟು ಅಂತ ಲೆಕ್ಕ ಹಾಕಿಬಿಟ್ಟೆ. ತಪ್ಪಾಗಿದ್ದು ಅಲ್ಲೇ.

ಖಾತೆಗೆ ಬಂದಿದ್ದು 2,48,429.

ತಮ್ಮನಿಗೆ ಫೋನ್ ಮಾಡಿದರೆ, "ಅಣ್ಣ, ಕಳಿಸುವ ಚಾರ್ಜ್ ನಾನೇ ಬೇರೆ ಕಟ್ಟಿದ್ದೇನೆ, ಪೂರ್ತಿ ಬರಬೇಕು" ಅಂದ. ಸೋಮವಾರ ಬ್ಯಾಂಕಿಗೆ ಹೋಗಿ ಲೆಕ್ಕದ ಚೀಟಿ ಕೇಳಿದೆ. ಅದನ್ನು ನೋಡಿದ ಮೇಲೆಯೇ ವಿಷಯ ಗೊತ್ತಾಗಿದ್ದು.

ತಮ್ಮನ ಬ್ಯಾಂಕಿಗೂ ನಮ್ಮ ಬ್ಯಾಂಕಿಗೂ ನಡುವೆ ಇನ್ನೊಂದು ಬ್ಯಾಂಕ್ ಇತ್ತು. ಅದು ದಾರಿಯಲ್ಲೇ 20 ಡಾಲರ್ ಹಿಡಿದುಕೊಂಡಿತು, ಅಂದರೆ ಸುಮಾರು 1,704 ರೂಪಾಯಿ. ಉಳಿದ 2,980 ಡಾಲರನ್ನು ನಮ್ಮ ಬ್ಯಾಂಕ್ 83.55ರಂತೆ ರೂಪಾಯಿ ಮಾಡಿತು. ಗೂಗಲ್‌ನಲ್ಲಿ ಕಾಣುವುದು ಮಾರುಕಟ್ಟೆಯ ನಡುವಿನ ದರ, ಬ್ಯಾಂಕ್ ನಮಗೆ ಕೊಡುವುದು ಅದರ ಟಿಟಿ ಬೈಯಿಂಗ್ ದರ, ಅಂದರೆ ಹೊರಗಿನಿಂದ ಬಂದ ಡಾಲರನ್ನು ಅದು ಕೊಳ್ಳುವ ದರ, ಎರಡೂ ಬೇರೆ. ಡಾಲರಿಗೆ 1.65 ಕಡಿಮೆ ಅಂದರೆ ಸುಮ್ನೆ ಚಿಲ್ಲರೆ ಅನಿಸುತ್ತದೆ ಅಲ್ವಾ? ಅದರಲ್ಲೇ 4,917 ಹೋಯಿತು. ಇದು ಚೀಟಿಯಲ್ಲಿ ಚಾರ್ಜ್ ಅಂತ ಎಲ್ಲೂ ಇರಲಿಲ್ಲ, ದರದ ಒಳಗೇ ಸೇರಿಕೊಂಡಿತ್ತು. ಆಮೇಲೆ ಕರೆನ್ಸಿ ಬದಲಿಸಿದ್ದಕ್ಕೆ ಜಿಎಸ್‌ಟಿ 314, ಬ್ಯಾಂಕಿನ ಚಾರ್ಜ್ 236. ನಾನು ಮೊದಲು ಸಿಟ್ಟಾಗಿದ್ದು ಈ ಎರಡು ಸಣ್ಣ ಮೊತ್ತದ ಮೇಲೆ. ನಿಜವಾದ ಪೆಟ್ಟು ದರದಲ್ಲಿತ್ತು.

ಮ್ಯಾನೇಜರ್ ಒರಟಾಗಿ ಮಾತಾಡಲಿಲ್ಲ. ಆದರೆ ರೂಪಾಯಿ ಆದ ಮೇಲೆ ಏನೂ ಮಾಡಲು ಬರುವುದಿಲ್ಲ ಅಂದರು. ದೊಡ್ಡ ಮೊತ್ತ ಬರುವುದಿದ್ದರೆ ಮೊದಲೇ ಹೇಳಿ, ಸ್ವಲ್ಪ ಒಳ್ಳೆಯ ದರ ಕೇಳಿ ನೋಡಬಹುದು ಅಂತ ಆಗ ಹೇಳಿದರು! ನನಗೆ ಅದು ಮೊದಲೇ ಗೊತ್ತಿರಲಿಲ್ಲ. ನಿಮಗಾದರೂ ಗೊತ್ತಿರಲಿ, ದುಡ್ಡು ಹೊರಡುವ ಮೊದಲೇ ಶಾಖೆಗೆ ಹೋಗಿ ಇವತ್ತಿನ ಟಿಟಿ ಬೈಯಿಂಗ್ ದರ ಎಷ್ಟು ಅಂತ ಕೇಳಿ.

ಕಳಿಸುವವರಿಗೂ ಒಂದು ಮಾತು ಹೇಳಿ. ಅವರ ಫಾರಂನಲ್ಲಿ ಚಾರ್ಜ್ ಯಾರದ್ದು ಅಂತ OUR, SHA, BEN ಎಂದು ಇರುತ್ತದೆ. ನಮ್ಮದು SHA ಆಗಿತ್ತು, ಅಂದರೆ ಅವನ ಬ್ಯಾಂಕಿನ ಚಾರ್ಜ್ ಅವನಿಗೆ, ದಾರಿಯದ್ದು ಮತ್ತು ಇಲ್ಲಿಯದ್ದು ನಮಗೆ. OUR ಹಾಕಿದರೆ ದಾರಿಯ ಖರ್ಚೂ ಕಳಿಸುವವರದ್ದೇ, ಆದರೆ ದರದ ವ್ಯತ್ಯಾಸ ಅದರಿಂದ ಹೋಗುವುದಿಲ್ಲ. BEN ಅಂದರೆ ಎಲ್ಲ ಚಾರ್ಜೂ ದುಡ್ಡು ಪಡೆಯುವವರಿಗೆ. "ಶುಲ್ಕ ಇಲ್ಲ" ಅನ್ನುವ ಕಡೆಯೂ ದರ ನೋಡಲೇಬೇಕು. ಎರಡು ಮೂರು ಕಡೆ ಒಂದೇ ಪ್ರಶ್ನೆ ಕೇಳಿಸಿ: ಇಷ್ಟು ಡಾಲರ್ ಕೊಟ್ಟರೆ ಊರಿನ ಖಾತೆಗೆ ಕೊನೆಗೆ ಎಷ್ಟು ರೂಪಾಯಿ ಬೀಳುತ್ತದೆ?

ಆ ಶನಿವಾರ ನಾಲ್ಕು ಜನರ ಕೂಲಿ ಬಾಕಿ ಉಳಿಸಬೇಕಾಯಿತು. ಮುಂದಿನ ವಾರ ಕೊಟ್ಟೆ, ಆದರೆ ಆ ದಿನ ಅವರ ಮುಖ ನೋಡಲು ಆಗಲಿಲ್ಲ. ಈಗ ಖಾತೆಗೆ ದುಡ್ಡು ಬಿದ್ದ ಮೇಲೆಯೇ ಪುಸ್ತಕದಲ್ಲಿ ಮೊತ್ತ ಬರೆಯುತ್ತೇನೆ.